ಜರ್ಮನಿ ರೂಟರ್, ದಾವಣಗೆರೆ ಮನೆ: ಕರೆಂಟ್ ಹೋಗಿ ಬಂದ್ರೆ ಹತ್ತು ನಿಮಿಷ ವೈಫೈ ನಾಪತ್ತೆ

ನಿಟ್ಟುವಳ್ಳಿ_ನಾಗ
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಮ್ಯೂನಿಕ್‌ನಿಂದ ವಾಪಸ್ ಬರುವಾಗ ಅಲ್ಲಿ ಬಳಸ್ತಿದ್ದ ರೂಟರ್ ತಂದು ಕೊಟ್ರು. ಒಳ್ಳೆ ಮಾಲು, ಆಂಟೆನಾ ನಾಲ್ಕೈತೆ. ಫೈಬರ್‌ನೋರು ಕೊಟ್ಟ ಡಬ್ಬಿ ಹಾಗೇ ಇಟ್ಟು, ಅದರಿಂದ ವೈರ್ ಎಳೆದು ಇದಕ್ಕೆ ಕೊಟ್ಟಿದೀನಿ. ಎರಡು ಹೆಸರು ಬರುತ್ತೆ, ಒಂದು Mane, ಇನ್ನೊಂದು Mane_5G.

ತೊಂದರೆ ಏನಂದ್ರೆ, ಕರೆಂಟ್ ಹೋಗಿ ಬಂದ ಮೇಲೆ Mane ಅರ್ಧ ನಿಮಿಷದಲ್ಲಿ ಬರುತ್ತೆ. Mane_5G ಬರೋಕೆ ಹತ್ತು ನಿಮಿಷ ಬೇಕು. ಅದೂ ಮೊಬೈಲಿಗೆ ಮಾತ್ರ ಕಾಣುತ್ತೆ, ಟಿವಿಗೆ ಇವತ್ತಿನವರೆಗೂ ಕಂಡಿಲ್ಲ. ಇನ್ನೊಂದು ವಿಚಿತ್ರ: ತಮ್ಮನ ಲ್ಯಾಪ್‌ಟಾಪ್ ಅಮೆರಿಕದಿಂದ ಬಂದದ್ದು. ಅದಕ್ಕೆ ಕೆಲವು ದಿನ Mane ಕೂಡ ಕಾಣಲ್ಲ. ನಿನ್ನೆ ಕಂಡಿತ್ತು, ಇವತ್ತು ಇಲ್ಲ. ಪಕ್ಕದ ಮನೆಯವರದೆಲ್ಲ ಕಾಣುತ್ತೆ!

ಸೆಟ್ಟಿಂಗ್ ತಡಕಾಡಿದಾಗ Region ಅನ್ನೋ ಕಡೆ Germany ಅಂತ ಇತ್ತು. ಭಾವನ ಕಾಲದ್ದು, ನಾನು ಮುಟ್ಟಿಲ್ಲ. ಇದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ, ಇಲ್ಲ ರೂಟರೇ ಹೋಗಿದೆಯಾ?

ಮಂಡಕ್ಕಿ_ಮಿರ್ಚಿ
ರೂಟರ್‌ಗೆ ಊರು ನೆನಪಾಗಿರ್ಬೇಕು. ಪಾಪ.

ಹೊಳೆದಂಡೆ_ಹೊನ್ನಾಳಿ
ನಿಟ್ಟುವಳ್ಳಿಗೆ 5ಜಿ ಟವರ್ ಸರಿಯಾಗಿ ಸಿಗುತ್ತಾ ಮೊದಲು ನೋಡ್ರಿ. ನಮ್ಮ ಹೊನ್ನಾಳಿಯಲ್ಲಿ ಹೊಳೆ ಕಡೆ ಹೋದ್ರೆ 4ಜಿಗೆ ಇಳಿಯುತ್ತೆ. ಟಿವಿ 5ಜಿ ಸಪೋರ್ಟ್ ಇಲ್ಲದ್ದಾದ್ರೆ ಕಾಣಲ್ಲ.

ನಿಟ್ಟುವಳ್ಳಿ_ನಾಗ
ಅಣ್ಣಾ, ಇದು ಮೊಬೈಲ್ 5ಜಿ ಅಲ್ಲ. ವೈಫೈ 5 ಗಿಗಾಹರ್ಟ್ಸ್. ಹೆಸರು ಹಂಗಿಟ್ಟಿದ್ದು ನನ್ನ ತಪ್ಪು.

ಕೇಬಲ್_ಮಂಜಣ್ಣ
ಹದಿನಾಲ್ಕು ವರ್ಷದಿಂದ ಲೈನ್ ಎಳೀತಿದೀನಿ ಸ್ವಾಮಿ, ಒಂದು ದಿನಾನೂ Region ಮುಟ್ಟಿಲ್ಲ. ಅದು ಗಡಿಯಾರದ ಟೈಮಿಗೆ, ಭಾಷೆಗೆ ಇರೋದು. ಟಿವಿ ಕಾಣಲ್ಲ ಅಂದ್ರೆ ಟಿವಿದೇ ತೊಂದರೆ. ಸುಮ್ನೆ ನಮ್ಮೋರು ಕೊಟ್ಟ ಡಬ್ಬಿಯ ವೈಫೈನೇ ಬಳಸ್ರಿ, ಫಾರಿನ್ ಮಾಲು ಇಲ್ಲಿಗೆ ಒಗ್ಗಲ್ಲ.

ತರಂಗಿಣಿ
ಮಂಜಣ್ಣ, ಟೈಮ್‌ಗೆ Time Zone ಅಂತ ಬೇರೆನೇ ಇರುತ್ತೆ. Wireless ಪುಟದಲ್ಲಿರೋ Region ರೇಡಿಯೊದ್ದು. ಯಾವ ಚಾನೆಲ್‌ಗಳಲ್ಲಿ ಮಾತಾಡಬಹುದು, ಎಷ್ಟು ಜೋರಾಗಿ, ಮಾತಾಡೋ ಮುಂಚೆ ಎಷ್ಟು ಹೊತ್ತು ಸುಮ್ಮನೆ ಕೇಳಬೇಕು, ಈ ಮೂರನ್ನೂ ರೂಟರ್ ಅದನ್ನ ನೋಡೇ ತೀರ್ಮಾನ ಮಾಡೋದು. ನೀವು ಮುಟ್ಟಬೇಕಾಗಿ ಬಂದಿಲ್ಲ, ಯಾಕಂದ್ರೆ ಇಲ್ಲಿ ಮಾರೋ ಡಬ್ಬಿಗೆ ಇಲ್ಲಿಯ ದೇಶ ಹಾಕೇ ಕಳಿಸಿರ್ತಾರೆ.

ನಾಗ ಅವರೇ, ಹತ್ತು ನಿಮಿಷ ಅಂದ್ರಲ್ಲ, ಗಡಿಯಾರ ಹಿಡಿದು ನೋಡಿದ್ದಾ ಇಲ್ಲ ಬಾಯಿಮಾತಾ? ಅದು ನಿಜವಾಗ್ಲೂ ಹತ್ತು ನಿಮಿಷ ಆದ್ರೆ ಕಾರಣ ನನಗೆ ಗೊತ್ತು ಅನ್ಸುತ್ತೆ. ಎರಡೂ ಹೆಸರು ಕಾಣೋ ಒಂದು ವಿಂಡೋಸ್ ಲ್ಯಾಪ್‌ಟಾಪ್ ತಗೊಂಡು ಇದನ್ನ ಓಡಿಸಿ, Channel ಅನ್ನೋ ಸಾಲಿನಲ್ಲಿ ಏನಿದೆ ಹೇಳಿ. ತಮ್ಮನ ಲ್ಯಾಪ್‌ಟಾಪಿನಲ್ಲಿ ಬೇಡ, ಅದಕ್ಕೆ ಕಾಣದೇ ಇರೋದೇ ನಮ್ಮ ಪ್ರಶ್ನೆ.

```
netsh wlan show networks mode=bssid
```

ಫುಲ್_ಪವರ್_ಪಿಜೆ
ಇಷ್ಟೆಲ್ಲ ಯಾಕ್ರೀ? Region ಪಟ್ಟಿಯಲ್ಲಿ ಬೊಲಿವಿಯಾ ಇದ್ರೆ ಅದನ್ನ ಹಾಕಿ. ಪವರ್ ಜಾಸ್ತಿ ಬಿಡುತ್ತೆ. ನಮ್ಮನೇಲಿ ಹಿತ್ತಲ ರೂಮಿಗೆ ಎರಡು ಕಡ್ಡಿ ಬರ್ತಿತ್ತು, ಈಗ ನಾಲ್ಕು.

ದುರ್ಗದ_ಗಾಳಿಗಿರಣಿ
ಬೊಲಿವಿಯಾ ಎಲ್ಲೈತೆ ಅಂತ ಗೊತ್ತಾ ಮೊದ್ಲು 😄

ನನ್ನದೂ ಇಂಥದ್ದೇ ಕತೆ. ಚಿಕ್ಕಪ್ಪನ ಮಗ ಅಮೆರಿಕದಿಂದ ತಂದಿದ್ದು. ಅದರಲ್ಲಿ Region ಇದೆ, ಒತ್ತಿದ್ರೆ United States ಒಂದೇ. ಬೂದು ಬಣ್ಣದಲ್ಲಿ ಕೂತಿದೆ, ಬದಲಾಗಲ್ಲ. ನಾನೀಗ ಕಾನೂನು ಮುರೀತಿದೀನಾ?

ನಿಟ್ಟುವಳ್ಳಿ_ನಾಗ
@ತರಂಗಿಣಿ ಮೇಡಂ, ಬಾಯಿಮಾತಲ್ಲ. ಕ್ರಿಕೆಟ್ ನೋಡ್ತಿದ್ವಿ, ಕರೆಂಟ್ ಹೋಯ್ತು, ಎರಡು ಓವರ್‌ಗಿಂತ ಜಾಸ್ತಿ ಕಳ್ಕೊಂಡ್ವಿ. ಇವತ್ತು ಬೇಕಂತಲೇ ಸ್ವಿಚ್ ಆರಿಸಿ ಹಾಕಿ ಮೊಬೈಲ್ ಹಿಡಿದು ಕೂತೆ. ಹತ್ತು ನಿಮಿಷದ ಮೇಲೆ ಒಂದಿಷ್ಟು ಸೆಕೆಂಡು. ಮತ್ತೆ ಮಾಡಿದೆ, ಅಷ್ಟೇ.

ಮನೆಯವಳ ಲ್ಯಾಪ್‌ಟಾಪಿನಲ್ಲಿ ಓಡಿಸಿದ್ದು:
Mane ಗೆ Channel : 13
Mane_5G ಗೆ Channel : 116

ತರಂಗಿಣಿ
ಅಲ್ಲಿಗೆ ಮೂರೂ ಒಗಟು ಬಿಡಿಸಿದ ಹಾಗಾಯ್ತು. ಒಂದೊಂದಾಗಿ ಹೇಳ್ತೀನಿ.

ಮೊದಲು ತಮ್ಮನ ಲ್ಯಾಪ್‌ಟಾಪ್. 2.4 ಗಿಗಾಹರ್ಟ್ಸ್‌ನಲ್ಲಿ ಜರ್ಮನಿಗೆ 1ರಿಂದ 13ರವರೆಗೆ ಚಾನೆಲ್ ಇದೆ. ಅಮೆರಿಕದ ಸಾಮಾನಿಗೆ 11ಕ್ಕೇ ನಿಲ್ಲುತ್ತೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು 13ನೇ ಅಂಕಣದಲ್ಲಿ ನಿಂತಿದೆ ಅಂದ್ಕೊಳಿ, ನಿಮ್ಮ ತಮ್ಮ 11ನೇ ಅಂಕಣದ ತನಕ ಹೋಗಿ ಬಸ್ಸೇ ಇಲ್ಲ ಅಂತ ವಾಪಸ್ ಬರ್ತಿದಾನೆ. ರೂಟರ್ Auto ದಲ್ಲಿ ಇರೋದ್ರಿಂದ ಪ್ರತಿ ಸಲ ಕರೆಂಟ್ ಬಂದಾಗ ಹೊಸದಾಗಿ ಜಾಗ ಹುಡುಕುತ್ತೆ. 6ರಲ್ಲಿ ಕೂತ ದಿನ ಕಾಣುತ್ತೆ, 13ರಲ್ಲಿ ಕೂತ ದಿನ ಮಾಯ.

ಎರಡನೇದು ಹತ್ತು ನಿಮಿಷ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 64, ಆಮೇಲೆ 100ರಿಂದ 140ರವರೆಗಿನವು ರಾಡಾರ್‌ಗಳ ಜೊತೆ ಹಂಚಿಕೊಂಡ ಜಾಗ. ಅಲ್ಲಿ ಕೂರೋ ಮುಂಚೆ ರೂಟರ್ ಬಾಯಿ ಮುಚ್ಕೊಂಡು ರಾಡಾರ್ ಸದ್ದು ಇದೆಯಾ ಅಂತ ಕೇಳಿಸ್ಕೋಬೇಕು. ಸಾಮಾನ್ಯವಾಗಿ ಒಂದು ನಿಮಿಷ. ಆದ್ರೆ ಯುರೋಪಿನಲ್ಲಿ 5600ರಿಂದ 5650 ಮೆಗಾಹರ್ಟ್ಸ್ ಹವಾಮಾನ ರಾಡಾರ್‌ಗಳದ್ದು, ಅಲ್ಲಿ ಮಾತ್ರ ಹತ್ತು ನಿಮಿಷ ಕೇಳಬೇಕು ಅನ್ನೋ ನಿಯಮ. 116 ಅಂದ್ರೆ 5580, ಆ ಜಾಗದಿಂದ ಹೊರಗಿದೆ ಅನ್ಸುತ್ತಲ್ವಾ? ಆದ್ರೆ ನಿಮ್ಮ ರೂಟರ್ 80 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಂಡು ಕೂರುತ್ತೆ. 116, 120, 124, 128 ನಾಲ್ಕೂ ಸೇರಿ ಒಂದು ಚಾಪೆ. ಆ ಚಾಪೆಯ ಅರ್ಧಕ್ಕಿಂತ ಜಾಸ್ತಿ ಹವಾಮಾನದವರ ಜಾಗಕ್ಕೆ ಹೋಗಿದೆ. ಹಾಗಾಗಿ ನಿಟ್ಟುವಳ್ಳಿಯಲ್ಲಿ ಕೂತು ಜರ್ಮನಿಯ ಮಳೆ ಕಾಯ್ತಿದೆ.

ಮೂರನೇದು ಟಿವಿ. ಈ ರಾಡಾರ್ ಚಾನೆಲ್‌ಗಳನ್ನ ನೋಡೋ ಗೋಜಿಗೇ ಹೋಗದ ಟಿವಿಗಳು, ಟಿವಿ ಕಡ್ಡಿಗಳು ಬೇಕಾದಷ್ಟಿವೆ. 36ರಿಂದ 48, 149ರಿಂದ 165, ಇಷ್ಟೇ ಅವಕ್ಕೆ ಗೊತ್ತು. Germany ಇಟ್ಟಾಗ 149ರ ಕಡೆಯದ್ದು ನಿಮ್ಮ ಪಟ್ಟಿಯಲ್ಲೇ ಇರಲಿಕ್ಕಿಲ್ಲ. Channel ಒತ್ತಿ ನೋಡಿ.

ನಿಟ್ಟುವಳ್ಳಿ_ನಾಗ
ಹೌದು ಮೇಡಂ! 36, 40, 44, 48, 52... 140ಕ್ಕೆ ಮುಗೀತು. 149 ಇಲ್ಲ.
ಆದ್ರೆ 36 ಖಾಲಿ ಇದ್ದಂಗೆ ಅದು 116ಕ್ಕೆ ಯಾಕೆ ಓಡಿಹೋಯ್ತು?

ಕೇಬಲ್_ಮಂಜಣ್ಣ
ಇದಕ್ಕೆ ನಾನು ಹೇಳ್ತೀನಿ. ನಮ್ಮೋರ ಡಬ್ಬಿ ಹಾಗೇ ಇಟ್ಟಿದೀನಿ ಅಂದ್ರಲ್ಲ, ಅದರ ವೈಫೈ ಆಫ್ ಮಾಡಿದೀರಾ? ಮಾಡಿರಲ್ಲ. ಯಾರೂ ಮಾಡಲ್ಲ. ಅದು 36ರಲ್ಲಿ ಕೂತು ಪಕ್ಕದಲ್ಲೇ ಕಿರುಚ್ತಿರುತ್ತೆ. ನಿಮ್ಮ ಜರ್ಮನಿಯೋನು ಗಲಾಟೆ ಬೇಡ ಅಂತ ದೂರ ಹೋಗಿ ಕೂತಿದಾನೆ.

ನಿಟ್ಟುವಳ್ಳಿ_ನಾಗ
😳 ಆಫ್ ಮಾಡಿಲ್ಲ. ಎರಡೂ ಒಂದೇ ಶೆಲ್ಫ್ ಮೇಲಿವೆ.

ತರಂಗಿಣಿ
ಮಂಜಣ್ಣ ಸರಿಯಾಗಿ ಹಿಡಿದ್ರು. ಇದು ನನಗೆ ಹೊಳೆದಿರಲಿಲ್ಲ.

ಕೇಬಲ್_ಮಂಜಣ್ಣ
ಹದಿನಾಲ್ಕು ವರ್ಷ ಅಂದೆನಲ್ಲ ಮೇಡಂ.

ಫುಲ್_ಪವರ್_ಪಿಜೆ
ನನ್ನ ಬೊಲಿವಿಯಾಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ಕಡ್ಡಿ ಜಾಸ್ತಿ ಆಗಿರೋದು ಸುಳ್ಳಾ?

ತರಂಗಿಣಿ
ಸುಳ್ಳಲ್ಲ. ರೂಟರ್‌ನ ದನಿ ಜೋರಾಗಿರಬಹುದು, ಅದು ಆ ಫರ್ಮ್‌ವೇರ್ ದೇಶದ ಪಟ್ಟಿಯನ್ನ ಹೇಗೆ ಬರೆದಿದೆ ಅನ್ನೋದರ ಮೇಲೆ. ಆದ್ರೆ ಮೊಬೈಲಿನ ದನಿ ಅಷ್ಟೇ ಇದೆಯಲ್ಲ? ನೀವು ಮೈಕ್ ಹಿಡಿದು ಹಿತ್ತಲಿಗೆ ಕೂಗ್ತೀರಿ, ಹಿತ್ತಲಿಂದ ಅಜ್ಜಿ ಬರೀ ಬಾಯಲ್ಲಿ ಉತ್ತರ ಕೊಡಬೇಕು. ವೈಫೈನಲ್ಲಿ ಪ್ರತಿ ತುಂಡಿಗೂ ಸಿಕ್ತು ಅಂತ ಮೊಬೈಲ್ ಹೇಳಬೇಕು, ಅದು ಕೇಳದಿದ್ರೆ ರೂಟರ್ ಅದನ್ನೇ ಮತ್ತೆ ಕಳಿಸುತ್ತೆ. ಹಿತ್ತಲ ರೂಮಿನಲ್ಲಿ ನಿಂತು ಡೌನ್‌ಲೋಡ್, ಅಪ್‌ಲೋಡ್ ಎರಡೂ ಅಳೆಯಿರಿ. ಒಮ್ಮೆ ಬೊಲಿವಿಯಾದಲ್ಲಿ, ಒಮ್ಮೆ ಇಂಡಿಯಾದಲ್ಲಿ.

ಇನ್ನೊಂದು ತಮಾಷೆ. 2.4ರಲ್ಲಿ ಜರ್ಮನಿಯ ಮಿತಿ 100 ಮಿಲಿವ್ಯಾಟ್. ನಮ್ಮ ದೇಶದ ನಿಯಮ ಅದಕ್ಕಿಂತ ಎಷ್ಟೋ ಉದಾರ, 4 ವ್ಯಾಟ್‌ವರೆಗೆ ಅವಕಾಶ ಇದೆ. ಮನೆ ರೂಟರ್ ಯಾವುದೂ ಅದರ ಹತ್ತಿರಕ್ಕೂ ಹೋಗಲ್ಲ. ಪವರ್‌ಗೋಸ್ಕರ ದಕ್ಷಿಣ ಅಮೆರಿಕಕ್ಕೆ ಹೋಗೋ ಅಗತ್ಯ ನಮ್ಮೋರಿಗಿಲ್ಲ.

ಬೆಣ್ಣೆದೋಸೆ_ಭಕ್ತ
ಮೈಕ್ ಹಿಡಿದ ಅಜ್ಜಿ ಅಂದ್ಕೊಂಡು ನಗ್ತಾ ಇದೀನಿ.

ದುರ್ಗದ_ಗಾಳಿಗಿರಣಿ
ಮೇಡಂ ನನ್ನ ಪ್ರಶ್ನೆ ಮರೆತ್ರಿ. ಬೂದು ಬಣ್ಣದ United States.

ತರಂಗಿಣಿ
ಮರೆತಿಲ್ಲ. ಅಮೆರಿಕಕ್ಕೆ ಅಂತ ಮಾಡಿದ ಎಷ್ಟೋ ರೂಟರ್‌ಗಳಲ್ಲಿ ಅದು ಬೀಗ ಹಾಕಿದ್ದು, ಅಲ್ಲಿಯ ನಿಯಮಕ್ಕೆ ಹೆದರಿ ಕಂಪನಿಯವರೇ ಹಾಕ್ತಾರೆ. ನಿಮಗೆ ಜಾಸ್ತಿ ನಷ್ಟ ಇಲ್ಲ. ಅದು ಕೂರೋ 1ರಿಂದ 11, 36ರಿಂದ 48, 149ರಿಂದ 165 ಎಲ್ಲವೂ ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಜಾಗವೇ. ನಿಮಗೆ ಇಲ್ಲದಾಗೋದು 12, 13 ಮಾತ್ರ. ತದ್ವಿರುದ್ಧ ಜರ್ಮನಿ, ಜಪಾನ್‌ನಿಂದ ಬಂದವು. ಅವಕ್ಕೆ 149ರ ಕಡೆಯದ್ದು ಇರಲ್ಲ, ಅಥವಾ ಇದ್ರೂ ದನಿ ತೀರಾ ಸಣ್ಣದು. ಅಲ್ಲಿ ಪೇಚಾಟ.

ದುರ್ಗದ_ಗಾಳಿಗಿರಣಿ
ಬದುಕಿದೆ. ಜೋಗಿಮಟ್ಟಿ ಗಾಳಿಗಿರಣಿ ಅಡ್ಡ ಬರ್ತಾವೆ ಅಂತ ನಮ್ಮಪ್ಪ ವಾದ ಮಾಡ್ತಿದ್ರು.

ರೇಖಾ_ಹರಿಹರ
ಸ್ವಲ್ಪ ತಡೀರಿ. ನನ್ನ ರೂಟರ್ ಇಲ್ಲೇ ಕೊಂಡದ್ದು, India ಅಂತಲೇ ಇದೆ. ಆದ್ರೂ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 100ರಿಂದ 140 ಇಲ್ಲವೇ ಇಲ್ಲ. 64 ಆದ ಮೇಲೆ ನೇರ 149. ಮೇಡಂ ಹೇಳೋದು ನೋಡಿದ್ರೆ ಇರಬೇಕಿತ್ತಲ್ಲ?

ತರಂಗಿಣಿ
ಯಾವ ವರ್ಷದ್ದು ರೇಖಾ?

ರೇಖಾ_ಹರಿಹರ
2017, ಮಗಳು ಪಿಯುಸಿಗೆ ಸೇರಿದಾಗ.

ತರಂಗಿಣಿ
ಅದೇ. 5470ರಿಂದ 5725 ಮೆಗಾಹರ್ಟ್ಸ್ ನಮ್ಮಲ್ಲಿ ಬಿಟ್ಟುಕೊಟ್ಟಿದ್ದು 2018ರ ಅಕ್ಟೋಬರ್ ಅಧಿಸೂಚನೆಯಲ್ಲಿ. ನಿಮ್ಮ ರೂಟರ್ ಅದಕ್ಕಿಂತ ಮುಂಚಿನ India ವನ್ನು ನೆನಪಿಟ್ಟುಕೊಂಡಿದೆ. ಆಮೇಲೆ ಬಂದ ಫರ್ಮ್‌ವೇರ್ ಇದ್ರೆ ಹಾಕಿ ನೋಡಬಹುದು, ಆದ್ರೆ ಹಾಕಲೇಬೇಕು ಅಂತಿಲ್ಲ. 149 ಸಾಕು ನಿಮಗೆ.

ಎಣ್ಣೆಗಾಣ_ಚಳ್ಳಕೆರೆ
ರಾಡಾರ್ ಮಾತು ಬಂದಿದ್ದಕ್ಕೆ ಕೇಳ್ತೀನಿ. ನಮ್ಮನೆ ವೈಫೈ ಮಧ್ಯಾಹ್ನ ಹೊತ್ತು ಸುಮ್ಮಸುಮ್ನೆ ಬಿದ್ದು ಹೋಗುತ್ತೆ, 5 ಗಿಗಾಹರ್ಟ್ಸ್ ಮಾತ್ರ. ನಮ್ಮ ತಾಲೂಕಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಐತೆ, 2017ರಲ್ಲಿ ಶುರುವಾಗಿದ್ದು. ಅವರ ರಾಡಾರ್‌ದೇ ಕಾಟ ಅಂತ ನನ್ನ ಗಟ್ಟಿ ನಂಬಿಕೆ.

ಮಂಡಕ್ಕಿ_ಮಿರ್ಚಿ
ದೇಶಕ್ಕೋಸ್ಕರ ಎರಡು ರೀಲ್ಸ್ ಬಿಡಿ ಸಾರ್.

ತರಂಗಿಣಿ
ನಂಬಿಕೆ ಇರಲಿ, ಆದ್ರೆ ರೂಟರ್‌ನ System Log ಏನನ್ನುತ್ತೆ ನೋಡಿ. ರಾಡಾರ್ ಕೇಳಿಸಿದ್ರೆ ಅಲ್ಲಿ radar detected ಅಂತಲೋ DFS ಅಂತಲೋ ಒಂದು ಸಾಲು ಬರುತ್ತೆ. ಕೇಳಿಸಿದ ಹತ್ತು ಸೆಕೆಂಡಿನೊಳಗೆ ರೂಟರ್ ಆ ಚಾನೆಲ್ ಬಿಟ್ಟು ಎದ್ದು ಹೋಗಬೇಕು, ಅರ್ಧ ಗಂಟೆ ಅಲ್ಲಿಗೆ ವಾಪಸ್ ಬರೋ ಹಾಗಿಲ್ಲ. ಎಷ್ಟೋ ಸಲ ನಿಜವಾದ ರಾಡಾರೇ ಇರಲ್ಲ, ಬೇರೆ ಯಾವುದೋ ಸದ್ದಿಗೆ ಬೆಚ್ಚಿ ಓಡುತ್ತೆ. ನಿಮ್ಮದು ಯಾವ ಚಾನೆಲ್?

ಎಣ್ಣೆಗಾಣ_ಚಳ್ಳಕೆರೆ
ಈಗ 44 ಅಂತ ತೋರಿಸ್ತಿದೆ.

ತರಂಗಿಣಿ
44ಕ್ಕೆ ರಾಡಾರ್ ಕೇಳೋ ನಿಯಮವೇ ಇಲ್ಲ. ಬಿದ್ದಾಗಲೂ 44ರಲ್ಲೇ ಇತ್ತಾ, ಇಲ್ಲ ಬೇರೆ ಕಡೆಯಿಂದ ಓಡಿ ಬಂದು 44ರಲ್ಲಿ ಕೂತಿದೆಯಾ?

ಎಣ್ಣೆಗಾಣ_ಚಳ್ಳಕೆರೆ
ಅದು ಗೊತ್ತಿಲ್ಲ. ಲಾಗ್ ನೋಡೋಣ ಅಂದ್ರೆ ಈಗಷ್ಟೇ ಕರೆಂಟ್ ಹೋಗಿ ಎಲ್ಲ ಅಳಿಸಿ ಹೋಗಿದೆ. ನಾಳೆ ಮಧ್ಯಾಹ್ನ ಕಾಯ್ತೀನಿ.

ಫುಲ್_ಪವರ್_ಪಿಜೆ
ಅಳೆದೆ. ಹಿತ್ತಲ ರೂಮ್, ಅದೇ ಮೊಬೈಲ್, ಅದೇ ಕುರ್ಚಿ. ಇಂಡಿಯಾದಲ್ಲಿ ಡೌನ್ 31, ಅಪ್ 6. ಬೊಲಿವಿಯಾದಲ್ಲಿ ಡೌನ್ 35, ಅಪ್ 6. ನಾಲ್ಕು ಜಾಸ್ತಿ ಬಂತಲ್ಲ! ನಾನು ಬದಲಾಯಿಸಲ್ಲ.

ಬೆಣ್ಣೆದೋಸೆ_ಭಕ್ತ
ಕಡ್ಡಿ ಡಬಲ್, ಸ್ಪೀಡ್ ನಾಲ್ಕು. ಹೋಟೆಲಿನಲ್ಲಿ ಬೆಣ್ಣೆ ತೋರಿಸಿ ಡಾಲ್ಡಾ ಹಾಕ್ದಂಗೆ.

ತರಂಗಿಣಿ
ಒಂದೇ ಸಲ ಅಳೆದ್ರೆ ನಾಲ್ಕು ಹೆಚ್ಚುಕಮ್ಮಿ ಹೇಗೂ ಬರುತ್ತೆ. ಐದೈದು ಸಲ ಅಳೆದು ಹೇಳಿ. ನಿಮ್ಮ ಅಪ್ 6ರಲ್ಲೇ ನಿಂತಿದೆಯಲ್ಲ, ಅದೇ ನಾನು ಹೇಳಿದ ಅಜ್ಜಿ. ಹಿತ್ತಲಿಗೆ ಒಂದು ವೈರ್ ಎಳೆದು ಹಳೇ ರೂಟರ್ ಇಡಿ, ಎರಡೂ ಏರುತ್ತೆ. ಮತ್ತೆ ಬೊಲಿವಿಯಾ ಅಂತ ಇಟ್ಟಾಗ ನಿಮ್ಮ ರೂಟರ್ ನಾನು ಬೊಲಿವಿಯಾದಲ್ಲಿದೀನಿ ಅಂತ ಗಾಳಿಯಲ್ಲೇ ಸಾರುತ್ತೆ. ಅದನ್ನ ನಂಬಿ ತಮ್ಮ ಚಾನೆಲ್ ಪಟ್ಟಿ ಬದಲಾಯಿಸಿಕೊಳ್ಳೋ ಲ್ಯಾಪ್‌ಟಾಪ್‌ಗಳಿವೆ. ಪಕ್ಕದ ಮನೆಯವರದೂ ಗೊಂದಲಕ್ಕೆ ಬೀಳಬಹುದು.

ಫುಲ್_ಪವರ್_ಪಿಜೆ
ಪಕ್ಕದ ಮನೆಯೋನು ನನ್ನ ಪಾಸ್‌ವರ್ಡ್ ಕದ್ದೋನು ಮೇಡಂ, ಬೀಳಲಿ.

ನಿಟ್ಟುವಳ್ಳಿ_ನಾಗ
ವರದಿ ಒಪ್ಪಿಸ್ತೀನಿ. Region ಪಟ್ಟಿಯಲ್ಲಿ India ಇತ್ತು, ಪುಣ್ಯ. ಹಾಕಿದ ಕೂಡಲೇ ಎಲ್ಲರ ವೈಫೈ ಕಟ್ ಆಯ್ತು, ಮನೆಯವಳು ಮೀಟಿಂಗ್‌ನಲ್ಲಿದ್ಲು, ಆ ಭಾಗ ಬೇಡ. ಆಮೇಲೆ Channel ಒತ್ತಿದ್ರೆ 149, 153, 157, 161, 165 ಎಲ್ಲ ಬಂದಿವೆ. ಫೈಬರ್ ಡಬ್ಬಿಯ ವೈಫೈ ಎರಡನ್ನೂ ಆಫ್ ಮಾಡಿದೆ. 2.4ಕ್ಕೆ Auto ತೆಗೆದು 6 ಇಟ್ಟೆ, 5ಕ್ಕೆ 149.

ಸ್ವಿಚ್ ಆರಿಸಿ ಹಾಕಿದೆ. ಎರಡೂ ಹೆಸರು ಒಂದು ನಿಮಿಷದೊಳಗೆ ಬಂದ್ವು. ಟಿವಿ ಮೊದಲ ಸಲ Mane_5G ಕಂಡಿತು! ತಮ್ಮನ ಲ್ಯಾಪ್‌ಟಾಪಿಗೂ ಕಂಡಿದೆ.

ಕೇಬಲ್_ಮಂಜಣ್ಣ
ಸಂತೋಷ. 6ರಲ್ಲಿ ಬೀದಿಯವರೆಲ್ಲ ಇದ್ರೆ 1 ಅಥವಾ 11 ಮಾಡ್ಕೊಳ್ರಿ.

ಸಿರಿಗೆರೆ_ಸೋಮ
ತಡವಾಗಿ ಓದ್ತಿದೀನಿ. ನನ್ನದೂ ಯುರೋಪಿಂದೇ, ಅಕ್ಕ ನೆದರ್‌ಲೆಂಡ್ಸಿಂದ ಕಳಿಸಿದ್ದು. ಪಟ್ಟಿಯಲ್ಲಿ ಬರೀ ಯುರೋಪಿನ ದೇಶಗಳು, India ಇಲ್ಲವೇ ಇಲ್ಲ. ಬೇರೆ ಫರ್ಮ್‌ವೇರ್ ಹಾಕಿಬಿಡ್ಲಾ?

ತರಂಗಿಣಿ
ಬೇರೆ ದೇಶದ ಫರ್ಮ್‌ವೇರ್ ಹಾಕೋಕೆ ಹೋಗಿ ರೂಟರ್ ಇಟ್ಟಿಗೆ ಆದದ್ದನ್ನ ನಮ್ಮ ಲ್ಯಾಬ್‌ನಲ್ಲೇ ನೋಡಿದೀನಿ. ಮೊದಲು ಸುಲಭದ್ದು ಮಾಡಿ. ದೇಶ ಹಾಗೇ ಇರಲಿ. 2.4ಕ್ಕೆ 1, 6, 11ರಲ್ಲಿ ಒಂದು ಕೈಯಾರೆ ಇಡಿ, 5ಕ್ಕೆ 36. ಈ ಚಾನೆಲ್‌ಗಳು ಅಲ್ಲೂ ಸರಿ, ಇಲ್ಲೂ ಸರಿ, ಟಿವಿಗೂ ಗೊತ್ತು, ಕಾಯೋ ಕೆಲಸವೂ ಇಲ್ಲ. Auto ಮಾತ್ರ ಬೇಡ. ನೀವು ಕಳ್ಕೊಳ್ಳೋದು 149ರ ಕಡೆಯ ಖಾಲಿ ಜಾಗ ಅಷ್ಟೇ.

ನಿಮ್ಮ ಮಾದರಿಗೆ ಓಪನ್‌ಡಬ್ಲ್ಯುಆರ್‌ಟಿ ಸಿಗುತ್ತೆ, ಅದರ ಪರಿಚಯವೂ ಇದೆ ಅಂದ್ರೆ ಆ ಮಾತು ಬೇರೆ. ಅಲ್ಲಿ ಎರಡೂ ರೇಡಿಯೊಗೆ ದೇಶ ಬರೆಯೋದು ಮರೀಬೇಡಿ.

```
uci set wireless.radio0.country='IN'
uci set wireless.radio1.country='IN'
uci commit wireless
wifi reload
```

ಸಿರಿಗೆರೆ_ಸೋಮ
36 ಇಟ್ಟೆ. ಫರ್ಮ್‌ವೇರ್ ಆಸೆ ಬಿಟ್ಟೆ, ಅಕ್ಕ ಬೈತಾಳೆ.

ಎಣ್ಣೆಗಾಣ_ಚಳ್ಳಕೆರೆ
ಇವತ್ತು ಮಧ್ಯಾಹ್ನ ಕಾದು ಕೂತೆ, ಬೀಳಲೇ ಇಲ್ಲ. ಭಾನುವಾರ ಅವರಿಗೂ ರಜಾ ಇರ್ಬೇಕು.

ತರಂಗಿಣಿ
ಸೋಮವಾರ ನೋಡಿ. ಬಿದ್ದ ತಕ್ಷಣ ಲಾಗ್‌ನ ಫೋಟೊ ತೆಗೆದು ಹಾಕಿ, ಕರೆಂಟ್ ಹೋಗೋ ಮುಂಚೆ.

ನಿಟ್ಟುವಳ್ಳಿ_ನಾಗ
ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮ್ಯೂನಿಕ್‌ನಲ್ಲೂ ರೂಟರ್ ಆರಿಸಿ ಹಾಕಿದ್ರೆ ಹಂಗೇ ತಡ ಮಾಡ್ತಿತ್ತಾ ಅಂತ ಕೇಳಿದ್ದಕ್ಕೆ, "ಅಲ್ಲಿ ಕರೆಂಟೇ ಹೋಗ್ತಿರಲಿಲ್ಲ, ನಂಗೆ ಹೆಂಗೆ ಗೊತ್ತಾಗ್ಬೇಕು" ಅಂದ್ರು.